ಕಂಟಿನ್ಯೂಟಿಗೆ ಮೊಬೈಲ್ ಫೋಟೋ ಸಾಕಾ?

ಹೊಸಗಣ್ಣು: ಕಿರುಚಿತ್ರ ಮಾಡ್ತಿದ್ದೇವೆ. ಇಬ್ಬರು ಟೀ ಕುಡಿಯುತ್ತಾ ಜಗಳ ಆಡುವ ದೃಶ್ಯ, ನಾಲ್ಕು ಆಂಗಲ್. ಶಾಟ್‌ನಿಂದ ಶಾಟ್‌ಗೆ ಎಲ್ಲ ಒಂದೇ ಥರ ಇರೋ ಹಾಗೆ ನೋಡಿಕೊಳ್ಳೋಕೆ, ಅಂದರೆ ಕಂಟಿನ್ಯೂಟಿಗೆ ಅಂತಲೇ ಒಬ್ಬರು ಬೇಕಾ, ಮೊಬೈಲ್ ಫೋಟೋ ಸಾಕಾಗಲ್ವಾ?

ರೀಲುಸುತ್ತ: ಧಾರಾಳವಾಗಿ ಸಾಕು. ಕಲಾವಿದರದ್ದು ತಲೆಯಿಂದ ಕಾಲಿನವರೆಗೆ ಒಂದು, ಮೇಜಿನದ್ದು ಒಂದು ಫೋಟೋ. ಸುಮ್ನೆ ಇನ್ನೊಬ್ಬರಿಗೆ ಬಾಟಾ ಯಾಕೆ ಕೊಡ್ತೀರಿ?

ಗೀಟುಪುಸ್ತಕ: ಮೇಜಿನ ಫೋಟೋದಲ್ಲಿ ಲೋಟ ಎಲ್ಲಿತ್ತು ಅಂತ ಗೊತ್ತಾಗುತ್ತದೆ. ಯಾವ ಮಾತಿಗೆ ಅದನ್ನು ಎತ್ತಿದರು ಅಂತ ಗೊತ್ತಾಗಲ್ಲ. ಎಡಿಟಿಂಗ್‌ನಲ್ಲಿ ಕಾಡುವುದು ಎರಡನೆಯದೇ. "ನೀನು ಊರಿಗೆ ಹೋಗಲೇ ಇಲ್ಲ" ಅನ್ನೋ ಮಾತಿದೆ ಅಂದುಕೊಳ್ಳಿ. ಇಡೀ ದೃಶ್ಯವನ್ನು ವೈಡ್‌ನಲ್ಲಿ ತೆಗೆಯುವ ಮಾಸ್ಟರ್ ಶಾಟ್‌ನ ಎರಡನೇ ಟೇಕ್‌ನಲ್ಲಿ "ನೀನು" ಅನ್ನುವಾಗಲೇ ಲೋಟ ಎತ್ತಿದರು, ಮೂರನೆಯದರಲ್ಲಿ "ಊರಿಗೆ" ಅನ್ನುವಾಗ. ನಾನು ಸ್ಕ್ರಿಪ್ಟ್‌ನಲ್ಲಿ ಆ ಪದದ ಮೇಲೇ ಗುರುತು ಹಾಕಿ ಪಕ್ಕದಲ್ಲಿ "ಟೇಕ್ 3, ಬಲಗೈ, ಟೀ ಮುಕ್ಕಾಲು ಲೋಟ" ಅಂತ ಬರೆಯುತ್ತೇನೆ. ನಿರ್ದೇಶಕರು ಮೂರನೆಯದು ಓಕೆ ಅಂದರೆ ಆ ಟೇಕ್ ನಂಬರಿಗೆ ಸುತ್ತು ಹಾಕುತ್ತೇನೆ. ಆಮೇಲೆ ಕ್ಲೋಸಪ್‌ಗೆ ಹೋದಾಗ ಟೀಯನ್ನು ಮತ್ತೆ ಮುಕ್ಕಾಲಿಗೆ ತುಂಬಿಸಿ, "ಊರಿಗೆ" ಅನ್ನುವಾಗ ಬಲಗೈಲಿ ಎತ್ತಿ ಅಂತ ಹೇಳಬೇಕು. ಇಲ್ಲದಿದ್ದರೆ ವೈಡ್‌ನಲ್ಲಿ ಲೋಟ ಕೈಯಲ್ಲಿ, ಕ್ಲೋಸಪ್‌ನಲ್ಲಿ ಮೇಜಿನ ಮೇಲೆ.

ಕತ್ತರಿಕೆಲಸ: "ಎಡಿಟಿಂಗ್‌ನಲ್ಲಿ ಕಾಡುವುದು" ಅಂತೆ! ಹತ್ತು ವರ್ಷದಿಂದ ಎಡಿಟ್ ಮಾಡ್ತಿದ್ದೇನೆ, ಒಂದು ಲೋಟಕ್ಕೋಸ್ಕರ ಒಳ್ಳೆ ನಟನೆ ಬಿಟ್ಟಿದ್ದು ನೆನಪಿಲ್ಲ. ಕೈ ಕೂಡದಿದ್ದರೆ ಎದುರಿಗಿರುವವನ ಮುಖ ಹಾಕಿ ಮುಂದೆ ಹೋಗ್ತೇನೆ. ಹಾಲಿವುಡ್ ಎಡಿಟರ್ ವಾಲ್ಟರ್ ಮರ್ಚ್ ಅವರ ಕಟ್ ಆರಿಸುವ ಲೆಕ್ಕದಲ್ಲಿ ಭಾವನೆಗೆ 51%, ಕಂಟಿನ್ಯೂಟಿಗೆ ಕೊನೆಯ 4%. ಅಷ್ಟೇ.

ಕಾಫಿಪ್ರಿಯ: 2019ರಲ್ಲಿ ರಾಜರಾಣಿಯರ ಕಥೆಯ ಗೇಮ್ ಆಫ್ ಥ್ರೋನ್ಸ್ ಸೀರೀಸ್‌ನಲ್ಲೇ ಈ ಕಾಲದ ಕಾಫಿ ಕಪ್ ಮೇಜಿನ ಮೇಲೆ ಉಳಿದಿತ್ತು. ಅವರ ಹತ್ತಿರ ಇರೋ ದುಡ್ಡಿಗೇ ಹಾಗಾದರೆ ನಮ್ಮದೇನು?

ಗೀಟುಪುಸ್ತಕ: ಆ ಕಪ್ಪು ಕಂಟಿನ್ಯೂಟಿ ತಪ್ಪೇ ಅಲ್ಲ. ಸೆಟ್‌ನಲ್ಲಿ ಮರೆತುಬಿಟ್ಟ ವಸ್ತು, ಒಂದೇ ಶಾಟ್ ಇದ್ದರೂ ಅದು ತಪ್ಪೇ. ಇನ್ನು ಮರ್ಚ್ ಹೇಳಿದ 4% ಲೋಟಕ್ಕಲ್ಲ ಸ್ವಾಮಿ. ಕೋಣೆಯೊಳಗೆ ಯಾರು ಎಲ್ಲಿ ನಿಂತಿದ್ದಾರೆ ಅನ್ನೋ ಜಾಗದ ಲೆಕ್ಕಕ್ಕೆ. ಲೋಟ, ಸೀರೆ, ಗಡಿಯಾರ ಅವರ ಆ ಪಟ್ಟಿಯಲ್ಲೇ ಇಲ್ಲ.

ಕತ್ತರಿಕೆಲಸ: "ಪಟ್ಟಿಯಲ್ಲೇ ಇಲ್ಲ". ಅಂದರೆ 0%. ನೀವೇ ಒಪ್ಪಿದಿರಿ, ಥ್ಯಾಂಕ್ಸ್.

ಗೀಟುಪುಸ್ತಕ: ಅಡುಗೆ ಪುಸ್ತಕದಲ್ಲಿ ಒಲೆ ಹಚ್ಚಿ ಅಂತ ಬರೆದಿಲ್ಲ ಅಂತ ಹಸಿ ಅಕ್ಕಿ ತಿಂತೀರಾ? ಯಾವ ಕಟ್ ಒಳ್ಳೆಯದು ಅಂತ ಆರಿಸುವ ಮಾತು ಅದು. ಆರಿಸೋಕೆ ಕಟ್‌ಗಳು ಇರಬೇಕಲ್ಲ! ಕೈ ಕೂಡದ ಕಡೆಯಲ್ಲೆಲ್ಲ ಎದುರಿನವನ ಮುಖಕ್ಕೆ ಓಡುವುದು ನಿಮಗೆ ಬೇಕು ಅಂತಲ್ಲ, ಬೇರೆ ದಾರಿ ಇಲ್ಲ ಅಂತ.

ಕತ್ತರಿಕೆಲಸ: ಓಡುವುದಾ? ಸ್ವಲ್ಪ ನಾಲಿಗೆ ಹಿಡಿತದಲ್ಲಿರಲಿ. ಶೂಟಿಂಗ್ ಮುಗಿದ ಮೇಲೆ ಕಸ ಬಾಚೋರು ನಾವು.

ಸೀರೆಪಿನ್ನು: ನನ್ನ ಕಥೆ ಕೇಳಿ. ಒಂದು ಧಾರಾವಾಹಿಯಲ್ಲಿ ವಸ್ತ್ರದ ಕೆಲಸಕ್ಕಿದ್ದೆ. ನಾಯಕಿ ಗೇಟು ತೆರೆದು ಬಾಗಿಲವರೆಗೆ ಬರೋದು ಒಂದು ದಿನ ತೆಗೆದರು, ಒಳಗೆ ಕಾಲಿಡೋದು ಹನ್ನೆರಡು ದಿನ ಆದ ಮೇಲೆ ಬೇರೆ ಮನೆಯಲ್ಲಿ. ಫೋಟೋ ನೋಡಿಕೊಂಡೇ ಉಡಿಸಿದೆ, ಬಳೆ ಕೂಡ ಎಣಿಸಿದ್ದೆ. ಪ್ರಸಾರ ಆದಾಗ ನೋಡಿದರೆ ಹೊರಗೆ ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಒಳಗೆ ಇಳಿಬಿಟ್ಟಿದೆ! ನನ್ನ ಫೋಟೋ ಬೆಳಿಗ್ಗೆ ಮೇಕಪ್ ರೂಮಿನಲ್ಲಿ ತೆಗೆದದ್ದು. ಸೆರಗು ಸಿಕ್ಕಿಸಿದ್ದು ಗೇಟಿನ ಹತ್ತಿರ, ಶಾಟ್ ನಡೆಯುವಾಗ. ಬೈಸಿಕೊಂಡಿದ್ದು ಮಾತ್ರ ನಾನು.

ರೀಲುಸುತ್ತ: ನೋಡಿ, ಶಾಟ್ ಮುಗಿದ ಮೇಲೆ ಫೋಟೋ ತೆಗೆದಿದ್ದರೆ ಸರಿಹೋಗ್ತಿತ್ತು. ನಾನು ಹೇಳಿದ್ದೂ ಅದನ್ನೇ.

ಸೀರೆಪಿನ್ನು: ನೀವು ಯಾವಾಗ ತೆಗೆಯಬೇಕು ಅಂತ ಹೇಳಲೇ ಇಲ್ಲ, ಮೇಲೆ ಹೋಗಿ ಓದಿ.

ಗೀಟುಪುಸ್ತಕ: ಫೋಟೋ ಬೇಡ ಅಂತ ನಾನೂ ಹೇಳಿಲ್ಲ. ಆದರೆ ಮೊಬೈಲಲ್ಲಿ ಅದು ತೆಗೆದ ತಾರೀಖಿನ ಪ್ರಕಾರ ಕೂತಿರುತ್ತದೆ, ನಮಗೆ ಬೇಕಾಗಿರೋದು ಕಥೆಯ ದಿನ. ಗೇಟು ಮತ್ತು ಹಜಾರ ಎರಡಕ್ಕೂ "ಕಥೆಯ ದಿನ 4, ಉಡುಪು 2" ಅಂತ ಇದ್ದು, ಗೇಟಿನ ಸಾಲಿನ ಕೊನೆಗೆ "ಸೆರಗು ಸೊಂಟಕ್ಕೆ" ಅಂತ ಬರೆದಿದ್ದರೆ ಹನ್ನೆರಡು ದಿನ ಆದರೂ ಸಿಗುತ್ತಿತ್ತು.

ಕತ್ತರಿಕೆಲಸ: ಬರೆದಿಟ್ಟಿದ್ದನ್ನು ಯಾರು ಓದ್ತಾರೆ? ನನಗೆ ಬರೋ ಸ್ಕ್ರಿಪ್ಟ್ ಹಾಳೆಗಳಲ್ಲಿ ನಾನು ನೋಡೋದು ಒಂದೊಂದು ಶಾಟ್‌ಗೂ ಮಾತುಗಳ ಮೇಲೆ ಎಳೆದಿರೋ ಉದ್ದ ಗೆರೆಗಳನ್ನು ಮಾತ್ರ. ನೇರ ಗೆರೆ ಇದ್ದರೆ ಆ ಮಾತಿಗೆ ಮುಖ ಕ್ಯಾಮೆರಾದಲ್ಲಿದೆ, ಅಂಕುಡೊಂಕು ಇದ್ದರೆ ಇಲ್ಲ. ಯಾವ ಮಾತಿಗೆ ಯಾವ ಶಾಟ್ ಇದೆ ಅಂತ ಬೇಗ ಸಿಗುತ್ತೆ, ಅದೊಂದು ಉಪಯೋಗ ಇದೆ ಅನ್ನಿ. ಲೋಟಕ್ಕಲ್ಲ.

ಹೊಸಗಣ್ಣು: ಸರಿ, ಕ್ಲ್ಯಾಪ್ ಹೊಡೆಯೋ ಗೆಳೆಯನಿಗೇ ಇದನ್ನೂ ವಹಿಸ್ತೇನೆ.

ಗೀಟುಪುಸ್ತಕ: ಅಯ್ಯೋ, ಅವನಿಗೆ ಬೇಡ. ಕ್ಲ್ಯಾಪ್ ಹೊಡೆದು ಫ್ರೇಮಿನಿಂದ ಆಚೆ ಓಡುವಷ್ಟರಲ್ಲಿ ಆಕ್ಷನ್ ಅಂದಿರುತ್ತಾರೆ, ಕೈ ಆಗ ಎಲ್ಲಿತ್ತು ಅಂತ ಅವನು ನೋಡಿರಲ್ಲ. ಮಾನಿಟರ್ ಪಕ್ಕ ಸ್ಕ್ರಿಪ್ಟ್ ಹಿಡಿದು ಕೂರೋರು ಬೇರೆ ಯಾರಾದರೂ ಇರಲಿ.

ಕತ್ತರಿಕೆಲಸ: ಲೋಟ ಇಲ್ಲದೆ ಜಗಳ ಆಡಿಸಿ, ಯಾರೂ ಬೇಕಾಗಿಲ್ಲ.

ಕಾಫಿಪ್ರಿಯ: ಆ ಕಪ್ಪನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಅಳಿಸಿದರು ಗೊತ್ತಾ?