ಅಪ್‌ಡೇಟ್: ಅಜ್ಜಿಯ ಮುಖಕ್ಕೂ ಕತ್ತು, ಕಿವಿ, ಕೈಗೂ ಬಣ್ಣ ಹೊಂದಿತು

ನನ್ನ ಪ್ರಶ್ನೆ: "ಉಡುಪಿಯ ಮದುವೆಯ ಗ್ರೂಪ್ ಫೋಟೋದಲ್ಲಿ ಅಜ್ಜಿ ಕಣ್ಣು ಮುಚ್ಚಿದ್ದರು. ಶಾಮಿಯಾನದೊಳಗೆ ತೆಗೆದ ಇನ್ನೊಂದು ಫೋಟೋದಿಂದ ಅವರದೇ ಮುಖ ತಂದು ಕೂಡಿಸಿದೆ. ಮುಖ ಹಳದಿ, ಕತ್ತು, ಕಿವಿ, ಕೈ ನೀಲಿ ಛಾಯೆ. ಏನು ಮಾಡಲಿ?"

ನಿಮ್ಮೆಲ್ಲರ ಸಲಹೆಯಿಂದ ಸರಿಯಾಯಿತು. ಮೊದಲು ಮುಖವನ್ನೇ ಪೂರ್ತಿ ಕತ್ತಿನ ಬಣ್ಣಕ್ಕೆ ತಂದೆ. ಅಜ್ಜಿಯ ಮುಖ ಕಳೆಗುಂದಿತು, ನೋಡಲು ಬೇಜಾರಾಯಿತು. ಹಾಗಾಗಿ ಮುಖದ ಹಳದಿಯನ್ನು ಅರ್ಧ ಮಾತ್ರ ಇಳಿಸಿದೆ. ಉಳಿದರ್ಧ ವ್ಯತ್ಯಾಸವನ್ನು ಕತ್ತು, ಕಿವಿ, ಕೈಗಳಲ್ಲಿ ತುಂಬಿದೆ.

ಫೋಟೊಶಾಪ್‌ನಲ್ಲಿ ಹೊಸ `Curves` ಲೇಯರ್ ಹಾಕಿ, ನೀಲಿ ಸ್ವಲ್ಪ ಇಳಿಸಿ, ಕೆಂಪು ತುಸು ಏರಿಸಿದೆ. ಮಾಸ್ಕ್ ಪೂರ್ತಿ ಕಪ್ಪು ಮಾಡಿ, ಮೆತ್ತನೆ ಅಂಚಿನ ಬಿಳಿ ಬ್ರಷ್‌ನಿಂದ ಚರ್ಮದ ಮೇಲೆ ಮಾತ್ರ ತೀಡಿದೆ. ಬ್ಲೆಂಡ್ ಮೋಡ್ `Color` ಮಾಡಿದ್ದೇ ದೊಡ್ಡ ಉಪಕಾರ. ಗದ್ದದ ಕೆಳಗಿನ ನೆರಳು ಹಾಗೇ ಉಳಿಯಿತು. ಅದು ಹೋದರೆ ತಲೆ ಅಂಟಿಸಿದ ಹಾಗೆ ಕಾಣುತ್ತದೆ, ಅಲ್ವಾ?

ಕಿವಿಗೆ ಅಷ್ಟೇ ಜೋರಾಗಿ ತೀಡಿದಾಗ ಜಾಸ್ತಿ ಕೆಂಪಾಯಿತು. ಕಿವಿ ಮೊದಲೇ ಸ್ವಲ್ಪ ಕೆಂಪಗಿರುತ್ತದೆ, ಅದಕ್ಕೆ ಬ್ರಷ್‌ನ ಒಪಾಸಿಟಿ 40% ಸಾಕಾಯಿತು. ಕೈ ಬೇರೆ ಕಥೆ. ಬಿಸಿಲಲ್ಲಿ ದುಡಿದ ಕೈ, ಮುಖಕ್ಕಿಂತ ಕಪ್ಪಗೇ ಇರಬೇಕು. ಅದರ ಹೊಳಪು ಮುಟ್ಟದೆ ಬಣ್ಣದ ಛಾಯೆ ಮಾತ್ರ ಬದಲಿಸಿದೆ.

ಕೊನೆಗೆ ಎಲ್ಲದರ ಮೇಲೆ ತಾತ್ಕಾಲಿಕವಾಗಿ ಸ್ಯಾಚುರೇಶನ್ ಏರಿಸಿ ನೋಡಿದೆ. ಕಿವಿಯ ಹಿಂದೆ ಒಂದು ನೀಲಿ ಗೆರೆ ಎದ್ದು ಕಂಡಿತು. ಅದನ್ನೂ ತೀಡಿ ಆ ಲೇಯರ್ ತೆಗೆದೆ. ಸೀರೆಯ ಅಂಚಿಗೆ ಹರಡಿದ್ದ ಬಣ್ಣವನ್ನು ಕಪ್ಪು ಬ್ರಷ್‌ನಿಂದ ಅಳಿಸಿದೆ. ಫೋಟೋ ಈಗ ಪ್ರಿಂಟ್‌ಗೆ ಹೋಗಿದೆ.