ಸ್ಟೋರ್‌ನಲ್ಲಿ ಕಾಣದ ಚಂದಾ, ಖಾತೆಯಿಂದ ಮಾತ್ರ ಹೋಗುತ್ತಿದೆ

ಪ್ರಶ್ನೆ (ಚಿಕ್ಕಮಗಳೂರಿನ ಹೋಮ್‌ಸ್ಟೇ ಮಾಲೀಕರು): ಪ್ರತಿ ತಿಂಗಳ ಮೊದಲ ವಾರ ನಮ್ಮ ಖಾತೆಯಿಂದ 299 ರೂಪಾಯಿ ಹೋಗುತ್ತಿದೆ. ಫೋನಿನ ಪ್ಲೇ ಸ್ಟೋರ್‌ನಲ್ಲಿ ಯಾವ ಚಂದಾವೂ ಇಲ್ಲ. ಇನ್ನೂ ಎಷ್ಟಿವೆಯೋ ತಿಳಿಯದೆ ರದ್ದು ಮಾಡಲು ಧೈರ್ಯವಿಲ್ಲ.

ಒಬ್ಬ ಸದಸ್ಯರು: ಅನುಮಾನವಿರುವ ಆ್ಯಪ್ ತೆಗೆದುಹಾಕಿ, ಡೆಬಿಟ್ ಕಾರ್ಡನ್ನು ಬ್ಲಾಕ್ ಮಾಡಿಸಿ ಹೊಸದನ್ನು ಪಡೆಯಿರಿ. ಅಲ್ಲಿಗೆ ಮುಗಿಯಿತು.

ಹಾಸನದ ಲೆಕ್ಕಪತ್ರ ಸಲಹೆಗಾರರು: ಕಾರ್ಡ್ ಬದಲಿಸಿದರೆ ಕಾರ್ಡಿನಿಂದ ಹೋಗುವ ಹಣ ನಿಲ್ಲಬಹುದು, ಆದರೆ ಯುಪಿಐ ಆಟೋಪೇ ಅನುಮತಿ ಬ್ಯಾಂಕ್ ಖಾತೆಗೆ ಅಂಟಿಕೊಂಡಿರುವುದರಿಂದ ಕಾರ್ಡ್ ಹೋದರೂ ಅದು ಹೋಗುವುದಿಲ್ಲ. ಆ್ಯಪ್ ತೆಗೆದ ಮಾತ್ರಕ್ಕೆ ಚಂದಾ ರದ್ದಾಗುವುದೂ ಇಲ್ಲ.

ಸರ್, ಮೊದಲು 13 ತಿಂಗಳ ಸ್ಟೇಟ್‌ಮೆಂಟ್ ತೆಗೆಯಿರಿ. ವರ್ಷಕ್ಕೊಮ್ಮೆ ಕಡಿತವಾಗುವುದು 6 ತಿಂಗಳ ಪಟ್ಟಿಯಲ್ಲಿ ತಪ್ಪಿಹೋಗಬಹುದು. ಮರುಕಳಿಸುವ ಪ್ರತಿ ಸಾಲಿನ ತಾರೀಖು, ಮೊತ್ತ, ಹಣ ಹೋದ ದಾರಿ (ಯುಪಿಐ, ಕಾರ್ಡ್, ಬ್ಯಾಂಕ್ ಖಾತೆಯಿಂದ ನೇರವಾಗಿ ಕಂತು ಕಡಿತವಾಗುವ ಎಸಿಎಚ್) ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಪ್ಲೇ ಸ್ಟೋರ್ ತೋರಿಸುವುದು ಈಗ ಲಾಗಿನ್ ಆಗಿರುವ ಗೂಗಲ್ ಖಾತೆಯ ಚಂದಾಗಳನ್ನು ಮಾತ್ರ. ಮೂಲೆಯಲ್ಲಿರುವ ಪ್ರೊಫೈಲ್ ಚಿತ್ರ ಒತ್ತಿ, ಒಂದೊಂದೇ ಖಾತೆಗೆ ಬದಲಿಸಿ ನೋಡಿ. ಜೊತೆಗೆ ಪ್ರತಿ ಜಿಮೇಲ್‌ನಲ್ಲೂ ಇದನ್ನು ಹುಡುಕಿ:

```
from:googleplay-noreply@google.com
```

ಖರೀದಿಸಿದ ಖಾತೆಗೇ ರಸೀದಿ ಬರುತ್ತದೆ. ನನ್ನಲ್ಲಿಗೆ ಬಂದಿದ್ದ ಮೆಣಸಿನ ವ್ಯಾಪಾರಿಯೊಬ್ಬರಿಗೆ ಮೂರು ಖಾತೆಗಳಿದ್ದವು. ಮಗನ ಆನ್‌ಲೈನ್ ತರಗತಿಗೆಂದು 2020ರಲ್ಲಿ ತೆರೆದು ಮರೆತದ್ದರಲ್ಲಿ ಚಂದಾ ಸಿಕ್ಕಿತು. ರಸೀದಿ 3ನೇ ತಾರೀಖಿನದು, ಸ್ಟೇಟ್‌ಮೆಂಟ್ ಸಾಲು 4ನೇ ತಾರೀಖಿನದು. ಹೀಗೆ ಒಂದೆರಡು ದಿನ ಹಿಂದುಮುಂದಾಗುತ್ತದೆ, ಆದ್ದರಿಂದ ಮೊತ್ತವನ್ನೇ ಹೆಚ್ಚು ನಂಬಿ.

ರಸೀದಿ ಸಿಗದ ಸಾಲುಗಳಿಗೆ ಎಸ್‌ಎಂಎಸ್‌ಗಳಲ್ಲಿ `mandate` ಎಂದು ಹುಡುಕಿ. ಸ್ವಯಂಚಾಲಿತ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಬರುವ ಸೂಚನೆಯಲ್ಲಿ ಯಾರಿಗೆ ಹೋಗುತ್ತದೆ ಎಂಬ ಹೆಸರಿರುತ್ತದೆ. ರದ್ದನ್ನು ಮೊದಲು ಸ್ಟೋರ್‌ನಲ್ಲಿ ಅಥವಾ ಸೇವೆಯ ತಾಣದಲ್ಲೇ ಮಾಡಿ. ಆಟೋಪೇ ಮಾತ್ರ ನಿಲ್ಲಿಸಿದರೆ ಹಣ ನಿಂತರೂ ಅವರ ಲೆಕ್ಕದಲ್ಲಿ ಬಾಕಿ ಉಳಿದಿರಬಹುದು.

ಸಕಲೇಶಪುರದ ಶಿಕ್ಷಕಿ: ನನ್ನ ಸ್ಟೇಟ್‌ಮೆಂಟಿನಲ್ಲೂ `ACH D` ಎಂಬ ಸಾಲು ಮೂರು ತಿಂಗಳಿಗೊಮ್ಮೆ ಬರುತ್ತದೆ. ಅದನ್ನೂ ನಿಲ್ಲಿಸಿಬಿಡಲೇ?

ಸಲಹೆಗಾರರು: ಬೇಡ ಮೇಡಂ, ಮೊದಲು ವಿಮೆಯ ಪಾಲಿಸಿ ತೆಗೆದು ಕಂತಿನ ಮೊತ್ತದೊಂದಿಗೆ ಹೋಲಿಸಿ. ಎಸಿಎಚ್‌ನಲ್ಲಿ ಹೆಚ್ಚಾಗಿ ಹೋಗುವುದು ವಿಮೆ ಕಂತು, ಸಾಲದ ಕಂತು ಇಂಥವು. ಪ್ರೀಮಿಯಂ ನಿಂತು ಪಾಲಿಸಿ ಕೈತಪ್ಪಿದರೆ ಉಳಿಸಿದ್ದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು.

ಪ್ರಶ್ನೆ ಕೇಳಿದವರು: 299 ಸಿಕ್ಕಿತು. ಬುಕಿಂಗ್‌ಗೆಂದು ತೆರೆದಿದ್ದ ಹಳೆಯ ಜಿಮೇಲ್‌ನಲ್ಲಿ ಫೋಟೊ ತಿದ್ದುವ ಆ್ಯಪ್ ಒಂದರ ರಸೀದಿಗಳಿವೆ. ಆದರೆ ನವೆಂಬರ್‌ನ 1,499 ರೂಪಾಯಿ ಕಾರ್ಡ್‌ನಿಂದ ಹೋಗಿದೆ, ಯಾವ ಮೇಲ್‌ನಲ್ಲೂ ಇಲ್ಲ.

ಸಲಹೆಗಾರರು: ಮನೆಯಲ್ಲಿ ಐಫೋನ್ ಬಳಸುವವರಿದ್ದಾರೆಯೇ? ಅವರ ಸೆಟ್ಟಿಂಗ್ಸ್‌ನಲ್ಲಿ ಹೆಸರು ಒತ್ತಿ, `Subscriptions` ನೋಡಲು ಹೇಳಿ. ಅಲ್ಲೂ ಇಲ್ಲವಾದರೆ ಆ ಸಾಲಿನಲ್ಲಿರುವ ವ್ಯಾಪಾರಿಯ ಹೆಸರನ್ನು ಇಲ್ಲಿ ಹಾಕಿ. ಕಾರ್ಡ್ ಸಂಖ್ಯೆ ಕಾಣದಂತೆ ಮುಚ್ಚಿ.