ಕೆಪಾಸಿಟಿ ಮೀರಿದ ಮೇಲೆ ಕರೆದವರ ಸ್ಲೈಸ್ ಬದಲಾಗುತ್ತದೆಯೇ?

ಕುಶಾಲನಗರದ ವಿದ್ಯಾರ್ಥಿನಿ: ಮನೆಯ ಕಾಫಿ ಚೀಲಗಳ ತೂಕ ಬರೆದಿಡಲು ಗೋ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಂ ಮಾಡುತ್ತಿದ್ದೇನೆ. ಫಂಕ್ಷನ್‌ಗೆ ಸ್ಲೈಸ್ ಕೊಟ್ಟು, ಒಳಗೆ `append` ಮಾಡಿ, ಆಮೇಲೆ ಮೊದಲ ಚೀಲದ ತೂಕ ತಿದ್ದುತ್ತೇನೆ. ಆ ತಿದ್ದುಪಡಿ ಒಮ್ಮೆ ಹೊರಗೆ ಕಾಣುತ್ತದೆ, ಇನ್ನೊಮ್ಮೆ ಕಾಣುವುದಿಲ್ಲ. ಕೆಪಾಸಿಟಿ ಮೀರಿದ್ದೇ ಕಾರಣವೇ?

ವಿರಾಜಪೇಟೆಯ ಹಳಬ: ಸ್ಲೈಸ್ ಎಂದರೆ ರೆಫರೆನ್ಸ್. ಒಳಗೆ ಮಾಡಿದ್ದು ಹೊರಗೆ ಕಾಣಲೇಬೇಕು. ಒಂದೇ ಅರೇಯನ್ನು ಎರಡೂ ಸ್ಲೈಸ್‌ಗಳು ಹಿಡಿದಿರುತ್ತವೆ ಎಂದು ‘ಎಫೆಕ್ಟಿವ್ ಗೋ’ದಲ್ಲೇ ಇದೆ. ನಿಮ್ಮ ಕೋಡ್‌ನಲ್ಲಿ ಬೇರೆಲ್ಲೋ ತಪ್ಪಿದೆ.

ಮಡಿಕೇರಿ ಮಂಜು: "ಕಾಣಲೇಬೇಕು" ಎಂದು ಹೇಳುವ ಮೊದಲು ಇದನ್ನು ಓಡಿಸಿ ನೋಡಿ.

```go
func add(s []int) {
	s = append(s, 51)
	s[0] = 48
}

a := append(make([]int, 0, 3), 50, 49)
b := append(make([]int, 0, 2), 50, 49)
add(a)
add(b)
fmt.Println(a, a[:3]) // [48 49] [48 49 51]
fmt.Println(b)        // [50 49]
```

`a`ಯಲ್ಲಿ ಒಂದು ಜಾಗ ಖಾಲಿಯಿತ್ತು. 51 ಅದೇ ಅರೇಯಲ್ಲಿ ಕುಳಿತಿತು, 48 ಕೂಡ ಅಲ್ಲಿಗೇ ಬಿತ್ತು. `b`ಯಲ್ಲಿ ಜಾಗವಿರಲಿಲ್ಲ, `append` ಹೊಸ ಅರೇ ಮಾಡಿ, ಹಳೆಯ ಎರಡು ತೂಕಗಳನ್ನು ಅದಕ್ಕೆ ನಕಲು ಮಾಡಿತು. ಆಮೇಲೆ ಬರೆದ 48 ಹೊಸ ಅರೇಯಲ್ಲಿದೆ, ಕರೆದವರ ಕೈಯಲ್ಲಿ ಹಳೆಯದೇ ಉಳಿದಿದೆ. ಎರಡು ಸಂದರ್ಭದಲ್ಲೂ ಕರೆದವರ ಉದ್ದ 2 ಆಗಿಯೇ ಇರುತ್ತದೆ ಎಂಬುದನ್ನು ಗಮನಿಸಿ. 51 ಬಂದದ್ದು ಗೊತ್ತಾಗಬೇಕಾದರೆ `a[:3]` ಎಂದು ಕೈಯಾರೆ ಹಿಗ್ಗಿಸಿ ನೋಡಬೇಕು.

ವಿರಾಜಪೇಟೆಯ ಹಳಬ: "ಅದೇ ಅರೇಯಲ್ಲಿ" ಎಂದು ನೀವೇ ಬರೆದಿದ್ದೀರಿ. ಅದನ್ನೇ ರೆಫರೆನ್ಸ್ ಎನ್ನುವುದು.

ಮಡಿಕೇರಿ ಮಂಜು: ಅಲ್ಲ. ಪಾಯಿಂಟರ್, ಉದ್ದ, ಕೆಪಾಸಿಟಿ ಎಂಬ ಮೂರು ಸಂಗತಿಗಳ ನಕಲು ಒಳಗೆ ಹೋಗುತ್ತದೆ. ಅರೇ ಹಂಚಿಕೆಯಾಗಿದೆ, ಸ್ಲೈಸ್ ಹಂಚಿಕೆಯಾಗಿಲ್ಲ. ನೀವು ಹೇಳಿದ ‘ಎಫೆಕ್ಟಿವ್ ಗೋ’ ಸ್ವಲ್ಪ ಕೆಳಗೆ ಇದನ್ನೇ ಹೇಳುತ್ತದೆ: ಸ್ಲೈಸ್ ಮೌಲ್ಯವಾಗಿ ಹೋಗುತ್ತದೆ, ಆದ್ದರಿಂದ ಅದನ್ನು ಹಿಂದಿರುಗಿಸಬೇಕು. ಆ ಸಾಲಿನ ತನಕ ಓದಲಿಲ್ಲವೇ?

ವಿರಾಜಪೇಟೆಯ ಹಳಬ: ನನಗೆ ಓದು ಕಲಿಸಬೇಡಿ. ಮ್ಯಾಪ್, ಚಾನೆಲ್, ಸ್ಲೈಸ್ ಮೂರನ್ನೂ ರೆಫರೆನ್ಸ್ ಎಂದೇ ಕರೆಯುತ್ತಾ ಬಂದಿದ್ದೇವೆ. ಕೆಲಸ ನಿಂತಿಲ್ಲ.

ಸೋಮವಾರಪೇಟೆ ಸಂಪಿಗೆ: ಹಾಗೆ ಕರೆದದ್ದರಿಂದಲೇ ಈ ಹುಡುಗಿ ದಾರಿ ತಪ್ಪಿದ್ದು. ಗೋದ ಭಾಷಾ ವಿವರಣೆಯಿಂದ ಆ ಪದವನ್ನು 2013ರಲ್ಲೇ ತೆಗೆದಿದ್ದಾರೆ. ಮ್ಯಾಪ್‌ಗೆ ಒಳಗೆ ಸೇರಿಸಿದ್ದು ಹೊರಗೆ ಕಾಣುತ್ತದೆ, ಸ್ಲೈಸ್‌ಗೆ ಸೇರಿಸಿದ್ದು ಕಾಣುವುದಿಲ್ಲ. ಎರಡಕ್ಕೂ ಒಂದೇ ಹೆಸರಿಟ್ಟು ಪಾಠ ಹೇಳುವುದು ಅನ್ಯಾಯ. ನಿಯಮ ಸರಳ: ಕೆಪಾಸಿಟಿ ಮೀರಿತೇ, ಫಂಕ್ಷನ್ ಒಳಗಿನ ಯಾವುದೂ ಹೊರಗೆ ಬರುವುದಿಲ್ಲ.

ಮಡಿಕೇರಿ ಮಂಜು: "ಯಾವುದೂ" ಎಂಬುದು ತಪ್ಪು ಅಕ್ಕ. `s[0] = 48` ಸಾಲನ್ನು `append`ಗಿಂತ ಮೇಲೆ ಹಾಕಿ. ಆಗ `b` ಕೂಡ 48 ತೋರಿಸುತ್ತದೆ. ಹೊಸ ಅರೇ ಹುಟ್ಟುವ ಮುಂಚೆ ಬರೆದದ್ದೆಲ್ಲ ಹಳೆಯದರಲ್ಲೇ ಇರುತ್ತದೆ.

ಸೋಮವಾರಪೇಟೆ ಸಂಪಿಗೆ: ಅವಳು ಕೇಳಿದ್ದು `append` ಆದ ಮೇಲಿನದ್ದು. ಅದಕ್ಕೆ ನನ್ನ ಮಾತು ಸರಿಯಾಗಿಯೇ ಇದೆ.

ಗೋಣಿಕೊಪ್ಪದ ತೋಟಗಾರ: ಎರಡು ಬಾರಿ `append` ಮಾಡಿದಾಗ ಆಗುವ ತೊಂದರೆಯ ಪ್ರಶ್ನೆಯಲ್ಲವೇ ಇದು? ನನಗೂ ಆಗಿತ್ತು. ಎರಡು ಚೀಲಗಳ ಮೂಲ ಪಟ್ಟಿಯಿಂದ ಇಬ್ಬರು ವ್ಯಾಪಾರಿಗಳಿಗೆ ಬೇರೆ ಬೇರೆ ಪಟ್ಟಿ ಮಾಡಿದೆ. ಮೊದಲನೆಯವರದಕ್ಕೆ 52 ಸೇರಿಸಿದೆ, ಎರಡನೆಯವರದಕ್ಕೆ 47. ಮುದ್ರಿಸಿ ನೋಡಿದರೆ ಇಬ್ಬರದರಲ್ಲೂ 47! ಮೂಲದಲ್ಲಿ ಒಂದು ಜಾಗ ಉಳಿದಿತ್ತು, ಎರಡೂ ಅಲ್ಲಿಗೇ ಬಿದ್ದಿದ್ದವು. `base[:2:2]` ಎಂದು ಕೆಪಾಸಿಟಿಯನ್ನೂ ಕತ್ತರಿಸಿ ಕೊಟ್ಟ ಮೇಲೆ ಸರಿಹೋಯಿತು.

ವಿರಾಜಪೇಟೆಯ ಹಳಬ: ನೋಡಿ, ಒಂದು ಕಡೆ ಬರೆದದ್ದು ಇನ್ನೊಂದು ಕಡೆ ಕಂಡಿತು. ರೆಫರೆನ್ಸ್ ಅಲ್ಲದೆ ಮತ್ತೇನು?

ಮಡಿಕೇರಿ ಮಂಜು: ಹಾಗಾದರೆ `b` ಏಕೆ 50 ತೋರಿಸಿತು? ಮೂರು ಬಾರಿ ಬರೆದಿರಿ, ಒಮ್ಮೆಯೂ ಅದಕ್ಕೆ ಉತ್ತರ ಕೊಡಲಿಲ್ಲ.

ಕುಶಾಲನಗರದ ವಿದ್ಯಾರ್ಥಿನಿ: ಫಂಕ್ಷನ್ ಕರೆಯುವ ಮೊದಲು `len`, `cap` ಎರಡನ್ನೂ ಮುದ್ರಿಸಿದೆ. ಖಾಲಿ ಸ್ಲೈಸ್‌ನಿಂದ ಒಂದೊಂದೇ ಚೀಲ ಸೇರಿಸುತ್ತಾ ಬಂದಿದ್ದೆ. ಮೂರು ಚೀಲವಿದ್ದಾಗ 3 ಮತ್ತು 4. ಆಗ ತಿದ್ದುಪಡಿ ಕಾಣುತ್ತದೆ. ನಾಲ್ಕಾದಾಗ 4 ಮತ್ತು 4, ಕಾಣುವುದಿಲ್ಲ. ಫಂಕ್ಷನ್ `s` ಹಿಂದಿರುಗಿಸುವಂತೆ ಮಾಡಿ, `bags = add(bags)` ಎಂದು ಬರೆದೆ. ಎರಡೂ ಸಲ ಸರಿ ಬಂತು. `*[]int` ಕೊಡುವುದು ಇದಕ್ಕಿಂತ ಒಳ್ಳೆಯದೇ?

ಸೋಮವಾರಪೇಟೆ ಸಂಪಿಗೆ: ಪಾಯಿಂಟರ್ ಕೊಡಿ. ಹಿಂದಿರುಗಿಸಿದ್ದನ್ನು ಹಿಡಿದಿಟ್ಟುಕೊಳ್ಳಲು ಮರೆತರೂ ಕಂಪೈಲರ್ ಸುಮ್ಮನಿರುತ್ತದೆ.

ಮಡಿಕೇರಿ ಮಂಜು: ಬೇಡ, ಹಿಂದಿರುಗಿಸಿ. `append` ಕೂಡ ಅದನ್ನೇ ಮಾಡುತ್ತದೆ, ಓದುವವರಿಗೆ ಸಾಲಿನಲ್ಲೇ ತಿಳಿಯುತ್ತದೆ.

ವಿರಾಜಪೇಟೆಯ ಹಳಬ: ಮೂರು ಚೀಲವಿದ್ದಾಗ ಕಂಡಿತಲ್ಲ. ನಾನು ಹೇಳಿದ್ದು ಅದನ್ನೇ.